ನರನಾಳದ ಬಿಳಿ ಗೆರೆ

ಕೋನ್ ಬೀಮ್ ಸ್ಕ್ಯಾನಿನಲ್ಲಿ ನಾನು ಹೆಚ್ಚು ಹೊತ್ತು ಕಣ್ಣು ನೆಟ್ಟು ನೋಡುವುದು ಕೆಳದವಡೆಯ ಅಡ್ಡಸೀಳುಗಳನ್ನು. ಸುತ್ತಂಚಿಗೆ ಗಟ್ಟಿ ಮೂಳೆಯ ದಪ್ಪ ಬಿಳುಪು, ಒಳಗೆ ಕಸೂತಿಯಂಥ ಸಡಿಲ ಮೂಳೆ, ಅದರ ನಡುವೆ ಎಲ್ಲೋ ಕೆಳಗೆ ಸುಮಾರು ಮೂರು ಮಿಲಿಮೀಟರಿನ ಕಪ್ಪು ವೃತ್ತ. ಕೆಳತುಟಿಗೆ, ಗದ್ದಕ್ಕೆ ಸ್ಪರ್ಶಜ್ಞಾನ ಕೊಡುವ ನರ ಹಾದುಹೋಗುವ ನಾಳ ಅದು.

ಎಲ್ಲರ ದವಡೆಯಲ್ಲೂ ಅದು ಅಷ್ಟು ಸುಲಭವಾಗಿ ಸಿಗುವುದಿಲ್ಲ. ನಾಳದ ಸುತ್ತಲಿನ ಬಿಳಿ ಗೆರೆ ಕೆಲವರಲ್ಲಿ ಅಲ್ಲಲ್ಲಿ ಅಳಿಸಿಹೋಗಿರುತ್ತದೆ. ಮಜ್ಜೆಯ ಯಾವುದೋ ಪೊಳ್ಳು ತಾನೇ ನಾಳವೆಂಬಂತೆ ಎದುರಿಗೆ ಬಂದು ನಿಲ್ಲುತ್ತದೆ. ಆಗ ನಾನು ಮುಂದಲ ದವಡೆಹಲ್ಲುಗಳ ಬೇರಿನ ಹತ್ತಿರ ನರ ಹೊರಬೀಳುವ ರಂಧ್ರಕ್ಕೆ ಹೋಗುತ್ತೇನೆ. ಅಲ್ಲಿಂದ ಒಂದೊಂದೇ ಸೀಳು ಹಿಂದಕ್ಕೆ ಸರಿಸುತ್ತಾ ಬಂದರೆ ಪೊಳ್ಳು ಎರಡು ಮೂರು ಸೀಳಿನಲ್ಲಿ ಮಾಯವಾಗುತ್ತದೆ, ನಾಳ ಮಾತ್ರ ಬಿಡದೆ ಜೊತೆಗೆ ಬರುತ್ತದೆ. ಮಸುಕಿನೊಳಗಿಂದ ಆ ವೃತ್ತ ಮತ್ತೆ ಮತ್ತೆ ಮೂಡುವುದನ್ನು ನೋಡುವುದು ನನಗೆ ಇಂದಿಗೂ ಹಬ್ಬ.

ಮೊನ್ನೆಯ ಒಂದು ಸ್ಕ್ಯಾನ್: ಕೆಳಗಿನ ಮೊದಲ ದೊಡ್ಡ ದವಡೆಹಲ್ಲು ಕೀಳಿಸಿ ಬಹಳ ವರ್ಷಗಳಾಗಿದ್ದ ಹೆಂಗಸಿನದು. ಮೂಳೆಯ ನೆತ್ತಿಯಿಂದ ನಾಳದ ಮೇಲಂಚಿಗೆ 15 ಮಿಲಿಮೀಟರ್. ಆದರೆ ನೆತ್ತಿಯ ಮೇಲಿನ 2 ಮಿಲಿಮೀಟರ್ ಚಾಕುವಿನ ಅಲಗಿನಷ್ಟು ತೆಳು, ಅದನ್ನು ಸವರಿ ತೆಗೆಯಲೇಬೇಕು. ನರಕ್ಕೆ ಆತುಕೊಳ್ಳದಂತೆ ಬಿಡುವ ಅಂತರ ಇನ್ನೊಂದು 2. ಉಳಿದದ್ದು 11, ಹಾಕಲು ನಿರ್ಧರಿಸಿದ ಇಂಪ್ಲಾಂಟ್ 10. ಆ ಒಂದು ಮಿಲಿಮೀಟರ್ ಯಾಕೆ ಬಿಟ್ಟಿರಿ ಎಂದು ಕೇಳಬಹುದು. ಡ್ರಿಲ್ಲಿನ ಚೂಪು ತುದಿ ಗುರುತು ಹಾಕಿದ ಉದ್ದಕ್ಕಿಂತ ತುಸು ಮುಂದಕ್ಕೇ ಇರುತ್ತದೆ, ಅದಕ್ಕೆ.

ಅದೇ ಸೀಳಿನಲ್ಲಿ ಇನ್ನೊಂದು ಸಂಗತಿಯೂ ಇತ್ತು. ನಾಲಗೆಯ ಕಡೆ, ಕೆಳಗೆ, ಜೊಲ್ಲುಗ್ರಂಥಿ ಕೂರುವ ಜಾಗದಲ್ಲಿ ಮೂಳೆ ಒಳಕ್ಕೆ ಬಾಗಿತ್ತು. ನೆಟ್ಟಗೆ ಕೊರೆದಿದ್ದರೆ ಡ್ರಿಲ್ ಒಳಗೋಡೆಯನ್ನು ತೂತು ಮಾಡಿ ನಾಲಗೆಯಡಿ ರಕ್ತಸ್ರಾವಕ್ಕೆ ದಾರಿಯಾಗುತ್ತಿತ್ತು. ಓಪಿಜಿ ಎಕ್ಸ್‌ರೇಯಲ್ಲಿ ದವಡೆ ಚಪ್ಪಟೆಯಾಗಿ ಹರಡಿಕೊಳ್ಳುವುದರಿಂದ ಈ ಬಾಗು ಕಾಣುವುದೇ ಇಲ್ಲ. ಇಂಪ್ಲಾಂಟಿನ ಚಿತ್ರವನ್ನು ಪರದೆಯ ಮೇಲೆ ಕೆಲವು ಡಿಗ್ರಿ ವಾಲಿಸಿದೆವು, ಸುತ್ತಲೂ ಮೂಳೆ ಸಿಕ್ಕಿತು.

ಮೇಲ್ದವಡೆಯ ಚೆಲುವು ಬೇರೆ ಬಗೆಯದು. ಅಲ್ಲಿ ಮಿತಿ ಹಾಕುವುದು ನರವಲ್ಲ, ಗಾಳಿ. ಹಿಂದಿನ ಹಲ್ಲು ಹೋದ ಮೇಲೆ ಸೈನಸ್ ಕೆಳಕ್ಕೆ ಇಳಿಯುತ್ತದೆ, ಅದರ ತಳ ಕೂದಲೆಳೆಯಂಥ ಬಿಳಿ ಗೆರೆಯಾಗಿ ಉಳಿಯುತ್ತದೆ. ಒಳಪೊರೆ ಆರೋಗ್ಯವಾಗಿದ್ದರೆ ಕಣ್ಣಿಗೆ ಬೀಳುವುದೇ ಕಷ್ಟ; ಬೂದು ಪಟ್ಟಿಯಾಗಿ ದಪ್ಪಗೆ ಕಂಡರೆ ಕಾರಣ ಹುಡುಕಬೇಕು. ಕೆಲವೊಮ್ಮೆ ತಳದಿಂದ ಮೂಳೆಯ ಅಡ್ಡಗೋಡೆಯೊಂದು ಎದ್ದಿರುತ್ತದೆ. ಪೊರೆಯನ್ನು ಎತ್ತುವಾಗ ಹರಿಯುವುದು ಹೆಚ್ಚಾಗಿ ಅದರ ಏಣಿನ ಮೇಲೇ. ಆದ್ದರಿಂದ ಆ ಗೋಡೆ ಕಂಡ ದಿನ ಒಂದು ದೊಡ್ಡ ಕಿಟಕಿಯ ಬದಲು ಅದರ ಎರಡೂ ಪಕ್ಕಗಳಲ್ಲಿ ಎರಡು ಚಿಕ್ಕ ಕಿಟಕಿಗಳನ್ನು ತೆರೆಯುವುದೆಂದು ಮೊದಲೇ ಬರೆದಿಡುತ್ತೇನೆ.