ಹಳೆಯ ಖರ್ಜೂರದ ಬಿಳಿ ಚುಕ್ಕೆ: ಸಕ್ಕರೆಯೋ ಬೂಷ್ಟೋ?

ಮೊರಾಕ್ಕೊದ ತಾಫಿಲಾಲ್ತ್ ಪ್ರದೇಶದಿಂದ ಹಲವು ದೇಶಗಳಿಗೆ ಹರಡಿದ ಮೆಡ್ಜೂಲ್ ಖರ್ಜೂರವನ್ನು ಕೆಲವು ತಿಂಗಳು ಇಟ್ಟರೆ ಸಿಪ್ಪೆಯ ಮೇಲೋ ಅದರ ಅಡಿಯಲ್ಲೋ ಕಾಣಿಸಿಕೊಳ್ಳುವ ಬಿಳಿ ಚುಕ್ಕೆಗಳು ಬಹುಮಟ್ಟಿಗೆ ಸಕ್ಕರೆಯ ಹರಳುಗಳೇ. ಈ ತಳಿಯ ಹಣ್ಣು ಮಾಗುವಾಗ ಅದರಲ್ಲಿರುವ ಸುಕ್ರೋಸ್, ಎಂದರೆ ಅಡುಗೆಮನೆಯ ಸಕ್ಕರೆ, ಕಿಣ್ವಗಳ ಕ್ರಿಯೆಯಿಂದ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಎಂಬ ಎರಡು ಸರಳ ಸಕ್ಕರೆಗಳಾಗಿ ಒಡೆಯುತ್ತದೆ. ಇವೆರಡರಲ್ಲಿ ಗ್ಲೂಕೋಸ್ ನೀರಿನಲ್ಲಿ ಕಡಿಮೆ ಕರಗುವುದರಿಂದ, ಹಣ್ಣಿನ ತೇವ ಆರಿದಂತೆ ಅಥವಾ ತಂಪು ಹೆಚ್ಚಿದಂತೆ ಅದು ರಸದಿಂದ ಬೇರ್ಪಟ್ಟು ಹರಳುಗಟ್ಟುತ್ತದೆ. ಚಳಿಗಾಲದಲ್ಲಿ ಜೇನುತುಪ್ಪ ಗಟ್ಟಿಯಾಗುವುದಕ್ಕೂ ಇದೇ ಕಾರಣ. ಸುಕ್ರೋಸನ್ನು ಹೆಚ್ಚಾಗಿ ಉಳಿಸಿಕೊಳ್ಳುವ ಡೆಗ್ಲೆಟ್ ನೂರ್‌ನಂಥ ತಳಿಗಳಿಗಿಂತ ಮೆತ್ತನೆಯ ಮೆಡ್ಜೂಲ್‌ನಲ್ಲಿ ಈ ಚುಕ್ಕೆಗಳು ಹೆಚ್ಚಾಗಿ ಕಾಣುವುದು ಆದುದರಿಂದಲೇ.

ಬೂಷ್ಟಿನ ಲಕ್ಷಣ ಬೇರೆ. ಅದು ನವಿರಾದ ಎಳೆಗಳಿಂದ ಹೆಣೆದುಕೊಂಡು ಬೆಳೆಯುವ ಶಿಲೀಂಧ್ರವಾದ್ದರಿಂದ, ಭೂತಗನ್ನಡಿಯಲ್ಲಿ ಹತ್ತಿಯಂತೆ ಮೃದುವಾಗಿ, ಸಿಪ್ಪೆಯಿಂದ ತುಸು ಮೇಲೆದ್ದು ಕಾಣುತ್ತದೆ. ದಿನ ಕಳೆದಂತೆ ಬೂದು, ಹಸಿರು ಅಥವಾ ಕಪ್ಪು ಬಣ್ಣಕ್ಕೆ ತಿರುಗಿ ಮುಗ್ಗಲು ವಾಸನೆ ಬೀರುತ್ತದೆ. ಹರಳುಗಳಾದರೋ ಗಟ್ಟಿಯಾಗಿ, ಬೆರಳಿಗೆ ಮರಳಿನಂತೆ ಒರಟಾಗಿ ತಾಗುತ್ತವೆ. ಅವಕ್ಕೆ ಹಣ್ಣಿನದಲ್ಲದೆ ಬೇರೆ ವಾಸನೆ ಇರುವುದಿಲ್ಲ.

ಕಣ್ಣಿನಿಂದ ನಿರ್ಧಾರವಾಗದಿದ್ದರೆ ನೀರಿನ ಪರೀಕ್ಷೆ ನೆರವಾಗುತ್ತದೆ. ಬಿಳಿ ಭಾಗವನ್ನು ಚಾಕುವಿನ ತುದಿಯಿಂದ ಕೆರೆದು ಒಂದು ಚಮಚ ಉಗುರುಬೆಚ್ಚಗಿನ ನೀರಿಗೆ ಹಾಕಿ ಕಲಕಿದರೆ, ಸಕ್ಕರೆಯಾದಲ್ಲಿ ಕೆಲವೇ ನಿಮಿಷಗಳಲ್ಲಿ ಕರಗಿ ಮಾಯವಾಗುತ್ತದೆ, ಬೂಷ್ಟಾದಲ್ಲಿ ಎಳೆಗಳೋ ತುಣುಕುಗಳೋ ಕರಗದೆ ಉಳಿಯುತ್ತವೆ. ಇಡೀ ಹಣ್ಣನ್ನು ಹದವಾಗಿ ಬೆಚ್ಚಗೆ ಮಾಡಿದರೂ ಹರಳುಗಳು ಮತ್ತೆ ರಸದಲ್ಲಿ ಬೆರೆತು ಚುಕ್ಕೆ ಮಸುಕಾಗುತ್ತದೆ.

ಆದರೆ ಈ ಪರೀಕ್ಷೆಗೂ ಒಂದು ಮಿತಿಯಿದೆ: ಹೊರಗಿನ ಬಿಳಿ ಕರಗಿತೆಂದ ಮಾತ್ರಕ್ಕೆ ಒಳಗೂ ಹಣ್ಣು ಚೆನ್ನಾಗಿದೆಯೆಂದು ಹೇಳಲಾಗದು. ಆಸ್ಪರ್ಜಿಲಸ್ ನೈಜರ್ ಎಂಬ ಶಿಲೀಂಧ್ರ ಹೊರಗೆ ಸುಳಿವು ಕೊಡದೆ ಬೀಜದ ಸುತ್ತ ಬೆಳೆಯಬಲ್ಲದು. ಆದುದರಿಂದ ಹಣ್ಣನ್ನು ಉದ್ದಕ್ಕೆ ಸೀಳಿ, ಬೀಜ ತೆಗೆದು, ಕಪ್ಪು ಪುಡಿ, ಎಳೆ ಅಥವಾ ಹುಳುವಿನ ಹಿಕ್ಕೆ ಇದೆಯೇ ಎಂದು ನೋಡಬೇಕು. ಹುಳಿವಾಸನೆ ಯೀಸ್ಟ್‌ನಿಂದ ಹಣ್ಣು ಹುಳಿತಿರುವುದರ ಸೂಚನೆ. ಬೂಷ್ಟು ಖಚಿತವಾದ ಹಣ್ಣನ್ನು ತೊಳೆದೋ ಕತ್ತರಿಸಿಯೋ ಉಳಿಸಿಕೊಳ್ಳದೆ ಪೂರ್ತಿ ಬಿಸಾಡಬೇಕು, ಏಕೆಂದರೆ ಕೆಲವು ಶಿಲೀಂಧ್ರಗಳು ಬಿಡುವ ವಿಷಗಳು ಬಿಸಿ ಮಾಡಿದರೂ ಸುಲಭವಾಗಿ ನಾಶವಾಗುವುದಿಲ್ಲ.

ಹೀಗೆ ಹರಳಿಗೂ ಬೂಷ್ಟಿಗೂ ಬೇಕಾದ ಸ್ಥಿತಿಗಳು ವಿರುದ್ಧ ದಿಕ್ಕಿನವು: ಒಂದು ತೇವ ಆರುವುದರಿಂದ, ಇನ್ನೊಂದು ತೇವ ಸೇರುವುದರಿಂದ. ಶೀತಕಪಾಟಿನಿಂದ ತೆಗೆದ ಡಬ್ಬಿಯನ್ನು ಕೂಡಲೇ ತೆರೆದರೆ ಗಾಳಿಯ ತೇವ ತಂಪಾದ ಹಣ್ಣಿನ ಮೇಲೆ ಹನಿಗಟ್ಟಿ ಬೂಷ್ಟಿಗೆ ನೆಲೆಯಾಗುತ್ತದೆ. ಕೋಣೆಯ ಉಷ್ಣತೆಗೆ ಬಂದ ಮೇಲೆ ತೆರೆಯುವುದೇ ಸರಿಯಾದ ಕ್ರಮ.