14ರಿಂದ 20ರ ನಡುವಿನ ಕೆಲಸ

ಹಗಲು ಎಲ್ಲೋ ಲೆಕ್ಕ ಬರೆದು, ಸಂಜೆ ಏಳರ ಮೇಲೆ ನಾಲ್ಕಾರು ಅಂಗಡಿಗಳ ಜಿಎಸ್‌ಟಿ ರಿಟರ್ನ್ ಹಾಕಿಕೊಡುವವರು ನಮ್ಮ ಊರೂರಲ್ಲೂ ಸಿಗುತ್ತಾರೆ. ಬಿ.ಕಾಂ. ಮುಗಿಸಿದ ಹುಡುಗರು, ಟ್ಯಾಲಿ ಕಲಿತು ಮನೆಯಿಂದಲೇ ಕೆಲಸ ಮಾಡುವ ಹೆಣ್ಣುಮಕ್ಕಳು, ನಿವೃತ್ತ ಗುಮಾಸ್ತರು. ಇವರ ಕೆಲಸವನ್ನು ಅಂಗಡಿಯವರು ಅಳೆಯುವುದು ಒಂದೇ ಪ್ರಶ್ನೆಯಲ್ಲಿ: ‘ಹಾಕಾಯ್ತಾ?’ ಆಯಿತು ಅಂದರೆ ಮುಗಿಯಿತು. ಆ ಅಳತೆಯನ್ನು ಹಾಕಿಕೊಡುವವರೂ ಒಪ್ಪಿಕೊಂಡಿರುವುದೇ ಈ ಸೇವೆಯ ದೊಡ್ಡ ಕೊರತೆ ಅನ್ನುವುದು ನನ್ನ ಅಭಿಪ್ರಾಯ.

ತಿಂಗಳ ಕೆಲಸಕ್ಕೆ ಮೂರು ತಾರೀಖುಗಳಿವೆ. ಹಿಂದಿನ ತಿಂಗಳ ಮಾರಾಟದ ವಿವರ, ಅಂದರೆ ಜಿಎಸ್‌ಟಿಆರ್-1, 11ರೊಳಗೆ ಹೋಗಬೇಕು. 14ಕ್ಕೆ ಪೋರ್ಟಲ್ 2ಬಿ ಎಂಬ ಪಟ್ಟಿಯನ್ನು ತಾನೇ ತಯಾರಿಸುತ್ತದೆ. ನಮ್ಮ ಅಂಗಡಿಗೆ ಮಾಲು ಕೊಟ್ಟವರು ನಮ್ಮ ಜಿಎಸ್‌ಟಿ ನಂಬರಿಗೆ ತೋರಿಸಿದ ಬಿಲ್ಲುಗಳೆಲ್ಲ ಅದರಲ್ಲಿರುತ್ತವೆ. 20ರೊಳಗೆ 3ಬಿ ಸಲ್ಲಿಸಿ ತೆರಿಗೆ ಕಟ್ಟಬೇಕು. 11ಕ್ಕೂ 20ಕ್ಕೂ ಓಡುವವರು ಬೇಕಾದಷ್ಟು ಮಂದಿ. 14ರಂದು ಕೂತು 2ಬಿ ತೆರೆದು, ಅಂಗಡಿಯ ಖರೀದಿ ಬಿಲ್ಲಿನ ಪಕ್ಕದಲ್ಲಿಟ್ಟು ಒಂದೊಂದನ್ನೇ ಗುರುತು ಹಾಕುವವರು ಕಡಿಮೆ.

ದಾವಣಗೆರೆಯಲ್ಲಿ ಪೇಂಟು, ಪೈಪು ಮಾರುವ ಒಂದು ಕಾಲ್ಪನಿಕ ಅಂಗಡಿಯ ಅಕ್ಟೋಬರ್ ತಿಂಗಳನ್ನು ತೆಗೆದುಕೊಳ್ಳೋಣ. ಎಲ್ಲ ಮಾಲೂ 18% ತೆರಿಗೆಯದು. ಮಾರಾಟ 6,00,000 ರೂಪಾಯಿ, ಅದರ ಮೇಲಿನ ತೆರಿಗೆ 1,08,000. ಖರೀದಿ ಬಿಲ್ಲುಗಳ ಮೊತ್ತ 5,20,000, ಅದರ ಮೇಲೆ ಕಟ್ಟಿದ ತೆರಿಗೆ 93,600. ಕಳೆದರೆ 14,400 ಕಟ್ಟಿದರೆ ಸಾಕು ಅನ್ನುತ್ತದೆ ಅಂಗಡಿಯ ಪುಸ್ತಕ. ಆದರೆ 2ಬಿಯಲ್ಲಿ 80,000 ರೂಪಾಯಿಯ ಒಂದು ಬಿಲ್ಲೇ ಇಲ್ಲ. ಅದರ ತೆರಿಗೆ 14,400. ಹಾಗಾಗಿ ಈ ತಿಂಗಳು ಕಟ್ಟಬೇಕಾದದ್ದು 28,800, ಸರಿಯಾಗಿ ಇಮ್ಮಡಿ. ಬಿಲ್ಲು ಕೈಯಲ್ಲಿದೆ, ಹಣ ಕೊಟ್ಟಾಗಿದೆ ಎಂಬ ವಾದ ನಡೆಯುವುದಿಲ್ಲ. 2022ರ ಜನವರಿಯಿಂದ ಇರುವ ನಿಯಮದಂತೆ, ಮಾಲು ಕೊಟ್ಟವನು ತೋರಿಸದ ಬಿಲ್ಲಿಗೆ ಇನ್‌ಪುಟ್ ಇಲ್ಲ.

ಇಲ್ಲಿ ಮೂರು ಬಗೆಯ ಕೈಗಳು ಕಾಣಿಸುತ್ತವೆ. ಒಬ್ಬರು ಪುಸ್ತಕದ ಲೆಕ್ಕವನ್ನೇ ನಂಬಿ 93,600ನ್ನೂ ತೆಗೆದುಕೊಂಡುಬಿಡುತ್ತಾರೆ. ಅಂಗಡಿಯವನಿಗೆ ಆಗ ಖುಷಿ, ಮುಂದೆ ನೋಟಿಸು ಬಂದಾಗ 18% ಬಡ್ಡಿ. ಇನ್ನೊಬ್ಬರು 2ಬಿಯಲ್ಲಿ ತಾನಾಗಿ ಬಂದ ಅಂಕಿಯನ್ನು ಮುಟ್ಟದೆ ಸಲ್ಲಿಸುತ್ತಾರೆ. ಕಾನೂನಿನ ಪ್ರಕಾರ ತಪ್ಪಿಲ್ಲ, ಯಾವ ನೋಟಿಸೂ ಬರುವುದಿಲ್ಲ. ಆದರೆ ತನ್ನ 14,400 ಎಲ್ಲೋ ಸಿಕ್ಕಿಕೊಂಡಿದೆ ಎಂಬ ಸುದ್ದಿಯೇ ಅಂಗಡಿಯವನಿಗೆ ತಲುಪುವುದಿಲ್ಲ. ನನಗೆ ಹೆಚ್ಚು ಬೇಸರ ತರಿಸುವುದು ಈ ಎರಡನೆಯವರು, ಏಕೆಂದರೆ ಇವರ ಕೆಲಸ ಅಚ್ಚುಕಟ್ಟಾಗಿ ಕಾಣುತ್ತದೆ.

ಮೂರನೆಯವರು ಬಿಲ್ಲು ಯಾಕೆ ಬಂದಿಲ್ಲ ಎಂದು ಹುಡುಕುತ್ತಾರೆ. ಪೋರ್ಟಲಿನಲ್ಲಿ ಮಾಲು ಕೊಟ್ಟವನ ಜಿಎಸ್‌ಟಿ ನಂಬರು ಹಾಕಿದರೆ ಅವನು ಯಾವ ರಿಟರ್ನನ್ನು ಯಾವಾಗ ಸಲ್ಲಿಸಿದ್ದಾನೆ ಎಂಬುದು ಯಾರಿಗಾದರೂ ಕಾಣುತ್ತದೆ. ಸಲ್ಲಿಸಿಯೇ ಇಲ್ಲದಿದ್ದರೆ ಕಾರಣ ಅಲ್ಲೇ ಸಿಕ್ಕಿತು. ಸಲ್ಲಿಸಿದ್ದೂ ನಮ್ಮ ಬಿಲ್ಲು ಇಲ್ಲವೆಂದರೆ ಒಂದೋ ನಂಬರು ತಪ್ಪು ಬರೆದಿದ್ದಾನೆ, ಇಲ್ಲವೇ ನಂಬರಿಲ್ಲದ ಗಿರಾಕಿಯ ಲೆಕ್ಕಕ್ಕೆ ಸೇರಿಸಿದ್ದಾನೆ. ಅವನು ಮುಂದಿನ ತಿಂಗಳ ಜಿಎಸ್‌ಟಿಆರ್-1ರಲ್ಲಿ ತಿದ್ದಿದರೆ ನಮ್ಮ ಇನ್‌ಪುಟ್ ಆಗ ಬರುತ್ತದೆ. ಮೂರನೆಯ ಸಾಧ್ಯತೆಯೂ ಇದೆ. ವರ್ಷಕ್ಕೆ 5 ಕೋಟಿಯೊಳಗಿನ ವಹಿವಾಟಿನವರು ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕಬಹುದು. ಅಂಥವನು ಮೊದಲ ಎರಡು ತಿಂಗಳ ಬಿಲ್ಲುಗಳನ್ನು ಬೇಕಾದರೆ 13ರೊಳಗೆ ಏರಿಸಬಹುದು, ಏರಿಸದೆಯೂ ಇರಬಹುದು. ಏರಿಸದಿದ್ದರೆ ಅಕ್ಟೋಬರಿನ ಬಿಲ್ಲು ನಮಗೆ ಕಾಣುವುದು ಜನವರಿಯಲ್ಲಿ. ಅಲ್ಲಿಯವರೆಗೆ 14,400 ರೂಪಾಯಿ ಅಂಗಡಿಯ ಗಲ್ಲಾದಿಂದ ಹೊರಗಿರುತ್ತದೆ. ‘ಅಣ್ಣಾ, ಇವರ ಹತ್ತಿರ ಮಾಲು ತಗೊಂಡ್ರೆ ಇನ್‌ಪುಟ್ ತಡವಾಗುತ್ತೆ, ರೇಟು ಮಾತಾಡುವಾಗ ನೆನಪಿಟ್ಕೊಳ್ಳಿ’ ಎಂದು ಹೇಳಬಲ್ಲವರು ಸಂಪಾದಿಸುವ ಹಣಕ್ಕೆ ಅರ್ಥವಿದೆ. ಆ ಒಂದು ಫೋನು 15ನೇ ತಾರೀಖಿಗೇ ಹೋಗಬೇಕು. 20ರ ರಾತ್ರಿ ಪೋರ್ಟಲ್ ತೆವಳುತ್ತಿರುವಾಗ ಹೇಳಿದರೆ 28,800 ಹೊಂದಿಸಲು ಅಂಗಡಿಯವನಿಗೆ ಸಮಯವೇ ಇರುವುದಿಲ್ಲ.

ಇದಕ್ಕಿಂತ ಕೆಟ್ಟ ಅಭ್ಯಾಸವೊಂದಿದೆ. ಅಂಗಡಿಯವನು ಬಿಲ್ಲು ಕೊಡಲಿಲ್ಲ, ತಾರೀಖು ಮೀರುತ್ತಿದೆ, ಲೇಟ್ ಫೀ ತಪ್ಪಿಸಲು ‘ನಿಲ್ ಹಾಕಿಬಿಡೋಣ, ಮುಂದಿನ ತಿಂಗಳು ಸೇರಿಸೋಣ’ ಎನ್ನುವುದು. ಲೆಕ್ಕ ಹಾಕಿ ನೋಡಿದರೆ ಇದರ ಹುಚ್ಚುತನ ತಿಳಿಯುತ್ತದೆ. ನಮ್ಮ ಅಂಗಡಿಯ 3ಬಿ 5 ದಿನ ತಡವಾದರೆ ದಿನಕ್ಕೆ 50ರಂತೆ ಲೇಟ್ ಫೀ 250 ರೂಪಾಯಿ, 28,800ರ ಮೇಲಿನ ಬಡ್ಡಿ ಸುಮಾರು 71. ಇಷ್ಟನ್ನು ಉಳಿಸಲು ಆರು ಲಕ್ಷದ ಮಾರಾಟವನ್ನು ಸೊನ್ನೆ ಎಂದು ಸರ್ಕಾರಕ್ಕೆ ಬರೆದುಕೊಟ್ಟಂತಾಗುತ್ತದೆ. ಸಲ್ಲಿಸಿದ 3ಬಿಯನ್ನು ವಾಪಸು ಪಡೆಯುವ ದಾರಿಯಿಲ್ಲ.

ಕಾನೂನು ಈ ವಿಷಯದಲ್ಲಿ ಅಂಗಡಿಯವನ ಕಡೆಗಿಲ್ಲ. ಜಿಎಸ್‌ಟಿ ಪ್ರಾಕ್ಟೀಷನರ್ ಆಗಿ ನೋಂದಾಯಿಸಿಕೊಂಡವರು ಸಲ್ಲಿಸಿದರೂ, ವಿವರ ಸರಿಯಿರುವ ಹೊಣೆ ವ್ಯಾಪಾರಿಯದೇ ಎಂದು ಕಾಯಿದೆಯ 48ನೇ ಸೆಕ್ಷನ್ ಹೇಳುತ್ತದೆ. ಅರೆಕಾಲಿಕವಾಗಿ ಮಾಡುವ ಅನೇಕರು ಆ ನೋಂದಣಿಯ ಗೋಜಿಗೇ ಹೋಗದೆ ಅಂಗಡಿಯ ಯೂಸರ್‌ನೇಮ್, ಪಾಸ್‌ವರ್ಡ್ ಇಟ್ಟುಕೊಂಡು ಕೆಲಸ ಸಾಗಿಸುತ್ತಾರೆ. ಪ್ರತಿ ಸಲ ಓಟಿಪಿ ಕೇಳುವುದು ರಗಳೆಯೆಂದು ನೋಂದಣಿಯಲ್ಲಿ ತಮ್ಮದೇ ಫೋನು, ಇಮೇಲು ಕೊಡುವವರೂ ಇದ್ದಾರೆ. ಅನುಕೂಲವೇನೋ ಹೌದು. ಆದರೆ ಇಲಾಖೆಯ ನೋಟಿಸಿನ ಸಂದೇಶವೂ ಅಲ್ಲಿಗೇ ಬರುತ್ತದೆ. ಹಾಕಿಕೊಡುವವನು ಊರು ಬಿಟ್ಟರೆ, ಜಗಳವಾಗಿ ಕೈಬಿಟ್ಟರೆ, ಸತತ ಆರು ತಿಂಗಳು ರಿಟರ್ನ್ ಹೋಗದೆ ನೋಂದಣಿ ರದ್ದಾಗುವ ಹಂತ ತಲುಪಿದರೂ ಅಂಗಡಿಯವನಿಗೆ ಗೊತ್ತಾಗದಿರಬಹುದು. ಫೋನು ಅಂಗಡಿಯವನದೇ ಇರಬೇಕು. ಓಟಿಪಿ ಕೇಳುವ ಮುಂಚೆ ಮಾರಾಟ, ಇನ್‌ಪುಟ್, ಕಟ್ಟಬೇಕಾದ ಹಣ ಎಂಬ ಮೂರು ಅಂಕಿಗಳನ್ನು ವಾಟ್ಸ್ಆ್ಯಪಿನಲ್ಲಿ ಕಳಿಸಿ ‘ಸರಿ’ ಅನ್ನಿಸಿಕೊಳ್ಳಬೇಕು.

ಮಾರಾಟದ ಅಂಕಿಯನ್ನು ಅಂಗಡಿಯವರು ಬಾಯಲ್ಲಿ ಹೇಳಿದ್ದನ್ನೇ ಬರೆದುಕೊಳ್ಳುವ ಕಾಲವೂ ಹೋಯಿತು. 2025ರ ಜುಲೈಯಲ್ಲಿ ಯುಪಿಐ ಹಣದ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಬೇಕರಿ, ಕಾಂಡಿಮೆಂಟ್ಸ್ ಅಂಗಡಿಗಳಿಗೆ ನೋಟಿಸು ಕೊಟ್ಟಾಗ ಬೆಂಗಳೂರಿನ ಅಂಗಡಿಗಳು ಕ್ಯೂಆರ್ ಕೋಡ್ ತೆಗೆದು ‘ಕ್ಯಾಶ್ ಮಾತ್ರ’ ಎಂದು ಚೀಟಿ ಅಂಟಿಸಿದವು. ಅವು ಬಹುಪಾಲು ನೋಂದಣಿಯೇ ಇಲ್ಲದ ಅಂಗಡಿಗಳು. ನೋಂದಣಿ ಇದ್ದವರ ಯುಪಿಐ ಲೆಕ್ಕವನ್ನೂ ಇಲಾಖೆ ಹಾಗೆಯೇ ತರಿಸಿಕೊಳ್ಳಬಹುದು. ಆದ್ದರಿಂದ ತಿಂಗಳ ಯುಪಿಐ ಮೊತ್ತವನ್ನು ಬಿಲ್ಲಿನ ಮೊತ್ತದ ಪಕ್ಕದಲ್ಲಿಟ್ಟು ನೋಡಬೇಕು, ತಂಗಿ ಕಳಿಸಿದ ಕೈಸಾಲ, ತೆರಿಗೆಯಿಲ್ಲದ ಹಾಲು, ತರಕಾರಿಯ ಹಣವನ್ನು ಆಗಿಂದಾಗಲೇ ಬೇರೆ ಬರೆದಿಡಬೇಕು. ವರ್ಷ ಕಳೆದ ಮೇಲೆ ಯಾವ ಹಣ ಯಾವುದು ಎಂದು ಯಾರಿಗೂ ನೆನಪಿರುವುದಿಲ್ಲ.

ಇಷ್ಟನ್ನೂ ಸಂಜೆಯ ಎರಡು ಗಂಟೆಯಲ್ಲಿ ಎಷ್ಟು ಅಂಗಡಿಗೆ ಮಾಡಬಹುದು? ಎಲ್ಲರ 14 ಒಂದೇ ದಿನ, ಎಲ್ಲರ 20 ಒಂದೇ ದಿನ. ಐವತ್ತು ಬಿಲ್ಲಿನ ಖರೀದಿಯಿರುವ ಅಂಗಡಿಯ ತಾಳೆಗೆ ಒಂದು ಸಂಜೆ ಹಿಡಿದರೆ, ಆರು ಸಂಜೆಗೆ ಆರು ಅಂಗಡಿ. ಮೂವತ್ತು ಅಂಗಡಿ ಒಪ್ಪಿಕೊಂಡವರು ಎಷ್ಟೇ ಜಾಣರಾಗಿರಲಿ, ತಾಳೆ ನೋಡುತ್ತಿಲ್ಲ ಎಂದೇ ತಿಳಿಯಬೇಕು. ಇದರಲ್ಲಿ ಅಂಗಡಿಯವರ ಪಾಲೂ ಇದೆ, ಎಲ್ಲರಿಗೂ ಒಂದೇ ಅಗ್ಗದ ದರ ಎಂದು ಪಟ್ಟು ಹಿಡಿದಾಗ ಸಿಗುವುದು ಬರಿಯ ಟೈಪಿಂಗ್. ತಿಂಗಳಿಗೆ ಐದು ಬಿಲ್ಲಿನ ಅಂಗಡಿಗೂ ಐವತ್ತು ಬಿಲ್ಲಿನ ಅಂಗಡಿಗೂ ಒಂದೇ ಶುಲ್ಕ ಕೇಳುವುದನ್ನು ಬಿಟ್ಟು, ಖರೀದಿ ಬಿಲ್ಲಿನ ಸಂಖ್ಯೆಯ ಮೇಲೆ ದರ ಹೇಳುವವರು ಸಿಕ್ಕರೆ ಅವರಿಗೆ ಮೊದಲು ಕೇಳಬೇಕಾದದ್ದು, ಕಳೆದ ತಿಂಗಳು 2ಬಿಯಲ್ಲಿ ಬಾರದೆ ಉಳಿದ ಬಿಲ್ಲುಗಳ ಪಟ್ಟಿ.