ಒಂದು ದಿನಕ್ಕೆ ಮುಗಿಯದ ಜ್ವರ

ವೈದ್ಯಕೀಯ ವಿದ್ಯಾರ್ಥಿಗಳಿಗೆ ಕತೆ ಓದಿಸುವ ಪರಿಪಾಠ ನಮ್ಮಲ್ಲೂ ಶುರುವಾಗಿದೆ. 2019ರಲ್ಲಿ ಎಂಬಿಬಿಎಸ್ ಪಠ್ಯಕ್ರಮ ಬದಲಾದಾಗ ವೈದ್ಯನ ನಡವಳಿಕೆ, ನೀತಿ, ಸಂವಹನ ಇವೂ ಕಲಿಕೆಯ ಭಾಗವಾದವು. ಅಂಥ ತರಗತಿಗೆಂದೇ ಬರೆದ ಕತೆಯೊಂದು ಈಚೆಗೆ ಓದಲು ಸಿಕ್ಕಿತು. ಮಲೆನಾಡಿನ ಹಳ್ಳಿ, ಮಂಗನ ಕಾಯಿಲೆಯ ಕಾಲ, ಆಶಾ ಕಾರ್ಯಕರ್ತೆಯೊಬ್ಬಳ ದೀರ್ಘವಾದ ಒಂದು ದಿನ. ಬೆಳಗಿನ ಐದಕ್ಕೆ ಆರಂಭವಾಗಿ ರಾತ್ರಿ ಹತ್ತಕ್ಕೆ ಮುಗಿಯುತ್ತದೆ.

ಕತೆಗಾರರು ಹಳ್ಳಿಯನ್ನು ಬಲ್ಲವರು. ಕೊಟ್ಟಿಗೆಗೆ ಹಾಸಲು ತರಗೆಲೆ ತರುವ ಹೆಂಗಸರು, ಕಾಡಿನಂಚಿನ ಅಡಿಕೆ ತೋಟ, ಸತ್ತ ಮಂಗವನ್ನು ಕಂಡು ಓಡಿಬರುವ ಹುಡುಗ, ಎಲ್ಲವೂ ಸಹಜವಾಗಿ ಬಂದಿವೆ. ಈ ರೋಗ ಮೊದಲು ಗುರುತಾದದ್ದು 1957ರಲ್ಲಿ, ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ಹರಡುವುದು ಉಣುಗು, ರೋಗಿಯಿಂದ ಇನ್ನೊಬ್ಬರಿಗೆ ಅಂಟುವುದಿಲ್ಲ. ಕತೆಯ ನೆರೆಯವರು ರೋಗಿಯ ಮನೆಗೆ ಕಾಲಿಡಲು ಅಂಜುತ್ತಾರೆ. ಆಕೆ ಒಳಗೆ ಹೋಗಿ ಚಾಪೆಯ ಮೇಲೆ ಕುಳಿತು ಚಹಾ ಕುಡಿಯುತ್ತಾಳೆ. ಯಾವ ಭಾಷಣವೂ ಇಲ್ಲದೆ ಆ ಚಹಾದ ಲೋಟವೇ ನೆರೆಯವರಿಗೆ ಉತ್ತರವಾಗುತ್ತದೆ.

ನನ್ನ ತಕರಾರು ಮಧ್ಯಾಹ್ನದ ದೃಶ್ಯದ ಬಗ್ಗೆ. ತೋಟದ ಕೂಲಿಯೊಬ್ಬನಿಗೆ ಹತ್ತನೆಯ ದಿನ ಜ್ವರ ಬಿಟ್ಟಿದೆ. ಹೆಂಡತಿ ಕಣ್ಣೀರು ಒರೆಸಿಕೊಳ್ಳುತ್ತಾಳೆ. ಆಶಾ ಪುಸ್ತಕದಲ್ಲಿ ‘ಗುಣವಾಗಿದೆ’ ಎಂದು ಬರೆದು ಮುಂದಿನ ಮನೆಗೆ ನಡೆಯುತ್ತಾಳೆ. ಕತೆ ಇದನ್ನು ನೆಮ್ಮದಿಯ ಗಳಿಗೆಯಾಗಿ ಕಾಣುತ್ತದೆ. ಆದರೆ ಈ ಕಾಯಿಲೆಯ ಕಪಟವೇ ಅಲ್ಲಿರುವುದು. ಹತ್ತರಲ್ಲಿ ಒಬ್ಬಿಬ್ಬರಿಗೆ ಜ್ವರ ಬಿಟ್ಟು ಒಂದೆರಡು ವಾರದ ನಂತರ ಮತ್ತೆ ಬರುತ್ತದೆ. ಈ ಸಲ ಅದು ಮಿದುಳಿಗೆ ಸಂಬಂಧಿಸಿದ್ದು: ಸಹಿಸಲಾಗದ ತಲೆನೋವು, ಬಿಗಿಯುವ ಕುತ್ತಿಗೆ, ಕೈನಡುಕ, ಮಂಜಾಗುವ ದೃಷ್ಟಿ. ಫೆಬ್ರವರಿ 1ಕ್ಕೆ ಹಿಡಿದ ಜ್ವರ 10ಕ್ಕೆ ಬಿಟ್ಟಿತೆನ್ನಿ. ಎಚ್ಚರ ಬೇಕಾದದ್ದು 17ರಿಂದ 24ರ ಸುಮಾರಿಗೆ. ಅಷ್ಟರಲ್ಲಿ ಅವನು ಕೂಲಿಗೆ ಹೋಗಿರುತ್ತಾನೆ. ತಲೆನೋವು ಬಂದರೆ ಬಿಸಿಲಿಗೆ ಬಂದದ್ದೆಂದುಕೊಂಡು ಅಂಗಡಿಯ ನೋವಿನ ಮಾತ್ರೆ ನುಂಗುತ್ತಾನೆ. ರಕ್ತಸ್ರಾವವಾಗಬಲ್ಲ ಈ ರೋಗದಲ್ಲಿ ಆಸ್ಪಿರಿನ್‌ನಂಥ ಮಾತ್ರೆ ಅಪಾಯಕಾರಿ.

ಹಾಗಾದರೆ ಆಶಾ ಕಾರ್ಯಕರ್ತೆಯ ನಿಜವಾದ ಕೆಲಸ ಆ ಮನೆಗೆ ಮತ್ತೆ ಹೋಗುವುದು. ಆಗ ಜ್ವರವಿಲ್ಲ, ಗದ್ದಲವಿಲ್ಲ. ಆಂಬುಲೆನ್ಸೂ ಇಲ್ಲ, ಪತ್ರಕರ್ತರೂ ಇಲ್ಲ. ‘ದೀರ್ಘ ದಿನ’ ಎಂಬ ಚೌಕಟ್ಟನ್ನು ಕತೆಗಾರರು ಆರಿಸಿಕೊಂಡ ಕ್ಷಣವೇ ಈ ಕೆಲಸ ಕತೆಯಿಂದ ಹೊರಗೆ ಬಿತ್ತು. ಒಂದು ದಿನದ ಕತೆಗೆ ಓಟ ಬೇಕು, ದಣಿವು ಬೇಕು, ಕೊನೆಗೊಂದು ಸಂತೈಕೆ ಬೇಕು. ರೋಗಕ್ಕೆ ಅದರದೇ ಪಂಚಾಂಗವಿದೆ. ದಿನವನ್ನೇ ಉಳಿಸಿಕೊಳ್ಳುವುದಾದರೂ, ಪುಸ್ತಕದಲ್ಲಿ ‘ಗುಣವಾಗಿದೆ’ ಎನ್ನುವ ಬದಲು ಮತ್ತೆ ಬರುವ ತಾರೀಕನ್ನು ಆಕೆಯಿಂದ ಬರೆಸಬಹುದಿತ್ತು. ನಾಳೆ ವೈದ್ಯರಾಗುವವರು ಓದುವ ಕತೆಯಲ್ಲಿ ಈ ಲೋಪ ಸಣ್ಣದಲ್ಲ.

ಇನ್ನೊಂದು ಪ್ರಸಂಗ ಮುಸ್ಲಿಂ ಮನೆಯದು. ಉಣುಗು ಹತ್ತದಂತೆ ಹಚ್ಚಿಕೊಳ್ಳುವ ಡೆಪಾ ತೈಲವನ್ನು ಅಜ್ಜಿ ಬೇಡವೆನ್ನುತ್ತಾರೆ. ನಮಾಜಿಗೆ ವುಝೂ ಮಾಡಬೇಕು ಎಂಬುದು ಕಾರಣ. ಕತೆ ಇದನ್ನು ಮೌಢ್ಯದ ಪಟ್ಟಿಗೆ ಸೇರಿಸಿ ಮುಂದೆ ಸಾಗುತ್ತದೆ. ಅಜ್ಜಿ ಹೇಳಿದ್ದು ವ್ಯಾವಹಾರಿಕ ಮಾತು. ಮುಖ, ಕೈ, ಕಾಲು ತೊಳೆದರೆ ಎಣ್ಣೆ ಹೋಗುತ್ತದೆ. ತೋಟದಲ್ಲಿ ಬೆವರುವ ಕೂಲಿಯವನದೂ ಇದೇ ಸಮಸ್ಯೆ. “ಕಾಡಿಗೆ ಹೋಗುವಾಗ ವುಝೂ ಆದಮೇಲೆ ಮತ್ತೆ ಹಚ್ಚಿಕೊಳ್ಳಿ ಅಜ್ಜಿ, ಇನ್ನೊಂದು ಬಾಟಲಿ ಇಟ್ಟು ಹೋಗ್ತೀನಿ” ಎಂದರೆ ಮುಗಿಯಿತು. ಆ ಇನ್ನೊಂದು ಬಾಟಲಿ ಆಕೆಯ ಚೀಲದಲ್ಲಿ ಇತ್ತೇ ಎಂಬುದು ನಂಬಿಕೆಗಿಂತ ಮುಖ್ಯವಾದ ಪ್ರಶ್ನೆ. ಹಳೆಯ ಲಸಿಕೆ 2022ರಲ್ಲಿ ನಿಂತ ಮೇಲೆ ಆ ಎಣ್ಣೆಯ ಮೇಲಿನ ಭಾರ ಎಷ್ಟು ಹೆಚ್ಚಿತು ಎಂಬುದನ್ನೂ ಕತೆ ಕೇಳುವುದಿಲ್ಲ.

ವೈದ್ಯನಿಗೆ ಕತೆಯಲ್ಲಿ ಹೆಸರಿದೆ, ಊರಿದೆ, ಓದಿದ ಕಾಲೇಜಿದೆ. ಆಕೆ ಮಾತ್ರ ಉದ್ದಕ್ಕೂ ‘ಆಶಾ’. ಅದು 2005ರಲ್ಲಿ ಬಂದ ಯೋಜನೆಯ ಹೆಸರು, ಹೆಂಗಸಿನದಲ್ಲ. ಆಕೆಯನ್ನು ‘ತಾಯಿ’, ‘ದೇವತೆ’ ಎಂದು ಕರೆಯುವ ಕತೆ, ಸಂಬಳವಿಲ್ಲದೆ ಗೌರವಧನ ಮತ್ತು ಕೆಲಸಕ್ಕಿಷ್ಟೆಂಬ ಪ್ರೋತ್ಸಾಹಧನದಲ್ಲಿ ಆಕೆ ಬದುಕುವುದನ್ನು ಹೇಳಲು ಮರೆಯುತ್ತದೆ. ದೇವತೆಗೆ ಸಂಬಳ ಯಾರು ಕೊಡುತ್ತಾರೆ!

ಆದರೂ ಕೊನೆಯಲ್ಲಿ ಒಂದು ಪುಟ ಇಡೀ ಕತೆಗಿಂತ ಎತ್ತರಕ್ಕೆ ಏರಿದೆ. ರಾತ್ರಿ ಮನೆಗೆ ಬಂದ ಆಕೆ ಮಲಗಿದ ಮಗಳ ಮೊಣಕಾಲ ಹಿಂದೆ, ಕಿವಿಯ ಹಿಂದೆ, ಕೂದಲ ಬುಡದಲ್ಲಿ ಟಾರ್ಚ್ ಬಿಟ್ಟು ಹುಡುಕುತ್ತಾಳೆ. ಮಗಳು ಬೆಳಿಗ್ಗೆ ದನದ ಹಿಂದೆ ಕಾಡಿಗೆ ಹೋಗಿದ್ದಳು. ಸಾಸಿವೆಗಿಂತ ಸಣ್ಣ ಮರಿ ಉಣುಗೋ, ಮಚ್ಚೆಯೋ ತಿಳಿಯದೆ ಆಕೆಯ ಬೆರಳು ಅಲ್ಲೇ ನಿಲ್ಲುತ್ತದೆ. ಅಷ್ಟರಲ್ಲಿ ವೈದ್ಯರ ಫೋನ್ ಬರುತ್ತದೆ, ಮೆಚ್ಚುಗೆಯ ಮಾತು, ಆನಂದಬಾಷ್ಪ. ಆ ಫೋನನ್ನು ತೆಗೆದುಹಾಕಿದರೆ ಕತೆಗೆ ನಷ್ಟವೇನೂ ಇಲ್ಲ.